ಕಾರಣ ಬರೆಯದ ಅರ್ಜಿ

ಕುಂದಾಪುರದಲ್ಲಿ ಕಾಲೇಜು ಶುರುವಾಗಿ ಆರೇಳು ವರ್ಷವಾಗಿತ್ತು. ನಾನು ಅಲ್ಲಿ ಫೀ ತೆಗೆದುಕೊಳ್ಳುವ ಗುಮಾಸ್ತ. ಸಂಶಯಪಡುವುದು ನನ್ನ ಕೆಲಸದ ಒಂದು ಭಾಗ ಎಂದೇ ತಿಳಿದಿದ್ದೆ. ಹಿಂದಿನ ವರ್ಷ ಒಬ್ಬ ಹುಡುಗ ಅಪ್ಪನ ಹೆಸರಲ್ಲಿ ತಾನೇ ರಿಯಾಯಿತಿಗೆ ಕಾಗದ ಬರೆದು, ಫೀಸಿಗೆಂದು ಮನೆಯವರು ಕೊಟ್ಟ ದುಡ್ಡಿನಲ್ಲಿ ಕೈಗಡಿಯಾರ ಕೊಂಡಿದ್ದ. ಪ್ರಿನ್ಸಿಪಾಲರು ನನ್ನನ್ನು ಕರೆದು ಬೈದಿದ್ದರು. ಹಾಗಾಗಿ 1969ರ ಜುಲೈಯಲ್ಲಿ ಹರಿಣಾಕ್ಷಿ ಎಂಬ ಹುಡುಗಿ ತಂದ ಅರ್ಜಿಯನ್ನು ನಾನು ಎರಡು ಸಲ ಓದಿದೆ.

ಬೀಜಾಡಿಯ ಮಂಜಯ್ಯ ಶೆಟ್ಟಿ ಎಂಬವರು ಬರೆದದ್ದು. ಬೊಂಬಾಯಿಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರಂತೆ. ‘ಅನಿರೀಕ್ಷಿತ ಕಾರಣದಿಂದ ಕೆಲಸ ಹೋಗಿದೆ. ಮಗಳ ಫೀಸಿನಲ್ಲಿ ರಿಯಾಯಿತಿ ಕೊಡಬೇಕು, ಇಲ್ಲವೇ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕು.’ ಅಷ್ಟೇ. ಅಕ್ಷರ ಮಾತ್ರ ಹುಡುಗಿಯ ಅಕ್ಷರ. ಪ್ರವೇಶದ ಅರ್ಜಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ, ಅದೇ.

“ಇದನ್ನ ಬರ್ದದ್ ಯಾರು?”

“ಅಪ್ಪ ಹೇಳ್ರ್, ನಾನ್ ಬರ್ದೆ. ಸಹಿ ಅಪ್ಪಂದೇ.”

“ಹಾಂಗಾರೆ ಅಪ್ಪನ್ನ ಕರ್ಕಂಡ್ ಬಾ.”

ಎರಡು ದಿನ ಬಿಟ್ಟು ಬಂದದ್ದು ಅಪ್ಪನಲ್ಲ, ತಾಯಿ. ಸುಂದರಿ ಶೆಡ್ತಿ. ನಲವತ್ತರ ಹತ್ತಿರದ ಹೆಂಗಸು. ಬೀಜಾಡಿಯಿಂದ ಕೋಟೇಶ್ವರದವರೆಗೆ ನಡೆದು ಬಸ್ಸು ಹಿಡಿದಿದ್ದರು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅವ್ರಿಗೆ ಜ್ವರ ಕಾಣಿ. ಎಂತ ಬೇಕಾರೂ ನನ್ ಹತ್ರವೇ ಕೇಣಿ.”

“ಕೆಲ್ಸ ಎಂತಕ್ಕೆ ಹೋಯ್ತ್ ಅಕ್ಕ?”

“ಹೋಟ್ಲು ಬಾಗ್ಲ್ ಹಾಕ್ರಂಬ್ರ್.”

‘ಅಂತೆ’ ಎನ್ನುವ ಆ ‘ಅಂಬ್ರ್’ ನನ್ನ ಕಿವಿಯಲ್ಲಿ ಸಿಕ್ಕಿಕೊಂಡಿತು. ಗಂಡ ಹೇಳಿದ್ದನ್ನು ಈ ಹೆಂಗಸೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ನಿಯಮ ಹೇಳಿದೆ. ಅರ್ಧ ಫೀ ರಿಯಾಯಿತಿ ಬೇಕಾದರೆ ತಾಲೂಕು ಕಚೇರಿಯಿಂದ ಆದಾಯದ ಸರ್ಟಿಫಿಕೇಟು ಬೇಕು. ಅದರಲ್ಲಿ ಬರುವುದು ಹೋದ ವರ್ಷದ ಆದಾಯ. ಹೋದ ವರ್ಷ ಬೊಂಬಾಯಿಯಿಂದ ತಿಂಗಳು ತಪ್ಪದೆ ಮನಿಯಾರ್ಡರ್ ಬಂದಿದೆ, ಹಾಗಾಗಿ ಅದು ಆಗುವ ಮಾತಲ್ಲ. ಕಂತು ಕೊಡುವುದು ಪ್ರಿನ್ಸಿಪಾಲರ ಕೈಯಲ್ಲಿದೆ. ಆದರೆ ಕೆಲಸ ಹೋದದ್ದಕ್ಕೆ ಹೋಟೆಲಿನ ಸಾವ್ಕಾರರಿಂದ ಒಂದು ಕಾಗದ ಬೇಕು. ತಿಂಗಳ ಕೊನೆ ದಾಟಿದರೆ ದಂಡ, ಆಮೇಲೆ ಹಾಜರಿಪಟ್ಟಿಯಿಂದ ಹೆಸರು ತೆಗೆಯುತ್ತಾರೆ.

“ಕಾಗ್ದ ತರ್ಸ್ತೆ,” ಎಂದು ಹೊರಟರು.

ಅದೇ ವಾರ ಬಸ್‌ಸ್ಟ್ಯಾಂಡಿನಲ್ಲಿ ಐತ ಸಿಕ್ಕಿದ. ಬೊಂಬಾಯಿಯ ಹೋಟೆಲುಗಳಲ್ಲೇ ದೋಸೆ ಹೊಯ್ಯುವವನು, ರಜೆಯಲ್ಲಿ ಬಂದಿದ್ದ. ಮಾತಿನ ಮೇಲೆ ಮಾತು ಬಂದು, ಪ್ರವೇಶದ ಅರ್ಜಿಯಲ್ಲಿ ಕಂಡಿದ್ದ ಆ ಹೋಟೆಲಿನ ಹೆಸರು ತೆಗೆದೆ. “ಬಾಗ್ಲ್ ಹಾಕುದಾ? ಮೊನ್ನೆ ಬಪ್ಪತಿಗೆ ಅಲ್ಲೇ ಚಾ ಕುಡ್ದ್ ಬಂದಿದೆ ಮಾರಾಯ್ರೆ, ಕೂಕಂಬುಕೆ ಜಾಗ ಇಲ್ಲೆ, ಅಷ್ಟ್ ಜನ!” ಎಂದ.

ನನಗೆ ಗೆದ್ದ ಹಾಗಾಯಿತು. ಮರುದಿನ ಅರ್ಜಿಯ ಅಂಚಿನಲ್ಲಿ ‘ಕಾರಣ ಸಂಶಯಾಸ್ಪದ’ ಎಂದು ಪೆನ್ಸಿಲಿನಲ್ಲಿ ಬರೆದೆ. ಸುಂದರಿ ಶೆಡ್ತಿ ಸಾವ್ಕಾರರ ಕಾಗದ ಇನ್ನೂ ಬಂದಿಲ್ಲ ಎಂದು ಹೇಳಲು ಬಂದಾಗ, ಫೀ ಕಟ್ಟಲು ನಿಂತ ಹುಡುಗರ ಎದುರೇ ಹೇಳಿಬಿಟ್ಟೆ: “ಹೋಟ್ಲು ತೆರ್ದೇ ಇತ್ತಂಬ್ರಲೆ ಅಕ್ಕ. ಸುಳ್ಳ್ ಬರ್ದ್ ಕೊಟ್ರೆ ನಾವ್ ಎಂತ ಮಾಡುದ್?”

ಅವರು ಕೊಡೆ ಎತ್ತಿಕೊಂಡು ಹೋದರು. ಬಾಗಿಲಿನಲ್ಲಿ ನಿಂತಿದ್ದ ಹರಿಣಾಕ್ಷಿ ಅವರ ಹಿಂದೆ ಓಡಿದಳು.

ಆ ದಿನ ಮನೆಯಲ್ಲಿ ನಡೆದದ್ದನ್ನು ಸುಂದರಿ ಶೆಡ್ತಿ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಮಂಜಯ್ಯ ಚಾವಡಿಯಲ್ಲಿ ಹಗ್ಗ ಹೊಸೆಯುತ್ತಿದ್ದರಂತೆ. ಜ್ವರ ಬಿಟ್ಟು ನಾಲ್ಕು ದಿನವಾಗಿದ್ದರೂ ಪೇಟೆಗೆ ಹೋಗಲು ಮನಸ್ಸಿರಲಿಲ್ಲ.

“ಹೋಟ್ಲು ತೆರ್ದಿತ್ತಂಬ್ರ್. ನಿಮ್ನ ಎಂತಕ್ಕೆ ಬಿಡ್ಸಿದ್ರ್?”

ಮಂಜಯ್ಯ ಹಗ್ಗ ಕೆಳಗಿಟ್ಟು ಬಾಯಿ ಬಿಟ್ಟರಂತೆ. ಗಲ್ಲಾದಲ್ಲಿ ಮೂರು ಸಲ ಹಣ ಕಮ್ಮಿ ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವನು ಸಾವ್ಕಾರರ ಬಾವ. ಸಾವ್ಕಾರರು ಬಾವನನ್ನು ಕೇಳಲಿಲ್ಲ. ಹದಿನೇಳು ವರ್ಷ ದುಡಿದವನಿಗೆ, ಪೋಲೀಸರಿಗೆ ಕೊಡುವುದಿಲ್ಲ, ಊರಿಗೆ ಹೋಗು ಎಂದರು.

“ನಾನ್ ತೆಗಿಲಿಲ್ಲೆ. ನೀ ನಂಬ್ತ್ಯಾ?”

ಸುಂದರಿ ಶೆಡ್ತಿಗೆ ‘ಹೌದು’ ಅನ್ನಲು ಬಾಯಿ ಬರಲಿಲ್ಲವಂತೆ. ಎರಡು ವರ್ಷಕ್ಕೊಮ್ಮೆ ತಿಂಗಳ ಮಟ್ಟಿಗೆ ಊರಿಗೆ ಬಂದು ಹೋಗುವ ಗಂಡ. ಬೊಂಬಾಯಿಯಲ್ಲಿ ಅವರು ಹೇಗಿದ್ದರು, ಯಾರ ಜೊತೆ ಕೂತೆದ್ದರು, ಇವರಿಗೆ ಏನು ಗೊತ್ತು? “ಬಾವಿಗೆ ಹೋಪತಿಗೂ ಅದೇ, ದನಿನ್ ಹಾಲ್ ಕರುವತಿಗೂ ಅದೇ ತಲೇಲಿ,” ಎಂದರು ನನ್ನ ಹತ್ತಿರ.

ಜುಲೈ ಮೂವತ್ತರಂದು ಅವರು ಮೂರನೇ ಸಲ ಬಂದರು. ನನ್ನ ಮುಖ ನೋಡದೆ, “ಪ್ರಿನ್ಸಿಪಾಲ್ರನ್ನ ಕಾಣ್ಕ್,” ಎಂದರು. ಒಳಗೆ ಬಿಟ್ಟು, ಫೈಲು ಹಿಡಿದು ನಾನೂ ನಿಂತೆ.

ಅವರು ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ತೀರ್ವೆಯ, ಅಂದರೆ ಭೂಕಂದಾಯದ, ರಶೀದಿ. ಬೀಜಾಡಿಯ ಮನೆ, ಗದ್ದೆ ತಾಯಿಯ ಕಡೆಯಿಂದ ಅವರ ಪಾಲಿಗೆ ಬಂದದ್ದು. ನಮ್ಮ ಕಡೆಯ ಶೆಟ್ಟರ ಮನೆಗಳಲ್ಲಿ ಹಾಗೆ, ಆಸ್ತಿ ಹೆಣ್ಣುಮಕ್ಕಳ ಕವಲಿನಲ್ಲಿ ಇಳಿಯುತ್ತದೆ. ಇನ್ನೊಂದು ಅರ್ಜಿ. ನಾಲ್ಕನೇ ಕ್ಲಾಸು ಓದಿದ ಕೈ, ಗೆರೆ ಹಾಕಿದ ಪುಸ್ತಕದ ಹಾಳೆ. ಪ್ರಿನ್ಸಿಪಾಲರು ಗಟ್ಟಿಯಾಗಿ ಓದಿದರು:

‘ನನ್ನ ಗಂಡನನ್ನು ಕೆಲಸದಿಂದ ತೆಗೆದಿದ್ದಾರೆ. ಹಣ ಕದ್ದರು ಎಂದು ಹೋಟೆಲಿನವರು ಹೇಳುತ್ತಾರೆ. ಕದ್ದಿಲ್ಲ ಎಂದು ಅವರು ಹೇಳುತ್ತಾರೆ. ನನಗೆ ಗೊತ್ತಿಲ್ಲ. ಮಗಳ ಫೀ ನಾನು ಕಟ್ಟುತ್ತೇನೆ. ಮೂರು ಸಲ ಕಟ್ಟುತ್ತೇನೆ. ರಿಯಾಯಿತಿ ಬೇಡ.’

ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಅರ್ಜಿಯಲ್ಲಿ ಇಷ್ಟೆಲ್ಲ ಬರೆಯುವುದು ಯಾಕಮ್ಮ?”

“ಕಾರಣ ಬೇಕ್ ಅಂದ್ರಲೆ. ಸುಳ್ಳ್ ಅಂದ್ರಲೆ.”

ಪ್ರಿನ್ಸಿಪಾಲರು ನನ್ನತ್ತ ನೋಡಿದರು. ಆಮೇಲೆ ಕಾಗದವನ್ನು ಸುಂದರಿ ಶೆಡ್ತಿಯ ಕೈಗೇ ತಿರುಗಿ ಕೊಟ್ಟರು. “ಇದು ಫೈಲಿಗೆ ಬೇಡ. ಆಡಿಟ್‌ನವರು ನೋಡುತ್ತಾರೆ, ನಾಳೆ ಯಾರ್ಯಾರೋ ಓದುತ್ತಾರೆ. ‘ಯಜಮಾನರ ಕೆಲಸ ಹೋಗಿದೆ, ಫೀಸಿಗೆ ನಾನು ಜವಾಬ್ದಾರಳು’ ಎಂದು ಬರೆದುಕೊಡಿ, ಸಾಕು. ಮೂರು ಕಂತು, ದಂಡ ಇಲ್ಲ. ಪರೀಕ್ಷೆಯ ಫೀ ಮಾತ್ರ ಯೂನಿವರ್ಸಿಟಿಗೆ ಹೋಗುವಂಥದ್ದು, ಅದನ್ನು ಒಂದೇ ಸಲ ಕಟ್ಟಬೇಕು.”

ಸುಂದರಿ ಶೆಡ್ತಿ ನನ್ನ ಮೇಜಿನ ಮುಂದೆಯೇ ಕೂತು, ನನ್ನ ಪೆನ್ನಿನಲ್ಲೇ ಬರೆದರು. ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ನಾನು ಹಳೆಯ ಅರ್ಜಿಯ ಅಂಚಿನ ಪೆನ್ಸಿಲು ಬರಹವನ್ನು ರಬ್ಬರಿನಲ್ಲಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಮೊದಲ ಎರಡು ಕಂತು ಅವರೇ ತಂದರು. ಒಂದು ತೆಂಗಿನಕಾಯಿ ಮಾರಿದ್ದು, ಇನ್ನೊಂದು ಕೋಟೇಶ್ವರದ ಹೋಟೆಲಿಗೆ ಹಾಲು ಕೊಟ್ಟದ್ದು. ಮೂರನೆಯದಕ್ಕೆ ಒಬ್ಬ ಬೋಳುತಲೆಯ ಗಂಡಸು ಬಂದು ನಿಂತರು. ನೋಟುಗಳನ್ನು ಗಲ್ಲಾದಲ್ಲಿ ಕೂತು ರೂಢಿಯಾದವರ ಹಾಗೆ ಬೆರಳಲ್ಲಿ ಸರಸರ ಎಣಿಸಿ, ಮತ್ತೊಮ್ಮೆ ನನ್ನೆದುರೇ ಎಣಿಸಿ ಮುಂದೆ ತಳ್ಳಿದರು.

“ರಶೀದಿ ಹೆಂಡ್ತಿ ಹೆಸ್ರಲ್ಲ್ ಇರ್ಲಿ. ಅದ್ ಕಾಂಬುಕೆ ಕೇಣ್ತ್, ತೋರ್ಸ್ಕ್.”

ಮಂಜಯ್ಯ ಶೆಟ್ಟರು ಮತ್ತೆ ಬೊಂಬಾಯಿಗೆ ಹೋಗಲಿಲ್ಲ. ಬೀಜಾಡಿಗೆ ತಿರುಗುವಲ್ಲಿ ಸಣ್ಣ ಚಾದಂಗಡಿ ಹಾಕಿದರು. ಹತ್ತು ವರ್ಷ ಅವರು ಚಾ ಮಾಡಿದರು, ದುಡ್ಡಿನ ಡಬ್ಬಿಯ ಬೀಗದ ಕೈ ಸುಂದರಿ ಶೆಡ್ತಿಯ ಸೊಂಟದಲ್ಲಿತ್ತು. ಹರಿಣಾಕ್ಷಿ ಬಿ.ಎ. ಮುಗಿಸಿ ತ್ರಾಸಿಯ ಕಡೆ ಟೀಚರಾದಳು.

ಶೆಟ್ಟರು ತೀರಿಕೊಂಡಾಗ ಮಾತಾಡಿಸಲು ಹೋಗಿದ್ದೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ. “ಅಕ್ಕ, ಆ ಹಣ ತೆಗ್ದದ್ ಯಾರಂದ್ ಕಡಿಗ್ ಗೊತ್ತಾಯ್ತಾ?”

“ಇಲ್ಲೆ,” ಎಂದರು ಸುಂದರಿ ಶೆಡ್ತಿ. “ಕೀ ಕೊಡ್ತೆ ಅಂದೆ ಒಂದ್ಸಲ. ಬ್ಯಾಡ ಅಂದ್ರ್. ನೀನೇ ಇಟ್ಕೊ, ನಂಗೂ ನಿಶ್ಚಿಂತಿ ಅಂದ್ರ್.”

ಆಮೇಲೆ ಚಾ ಕುಡಿಯುತ್ತೀರಾ ಎಂದು ಕೇಳಿ ಒಳಗೆ ಹೋದರು.