ಇನ್ನೂರ ಹನ್ನೊಂದು ಲೈಕಿನ ಧೈರ್ಯ

ನಾನು ಬರೆದ ನಾಲ್ಕು ಸಾಲು ಓದಿ ನನ್ನ ಗೆಳತಿ ಆಸ್ಪತ್ರೆಗೆ ಹೋಗುವುದನ್ನೇ ಬಿಡುವವಳಿದ್ದಳು. ಆ ನಾಲ್ಕು ಸಾಲಿಗೆ ಇನ್ನೂರ ಹನ್ನೊಂದು ಲೈಕ್ ಬಂದಿದ್ದವು.

(ಹೂಂ, ಎಣಿಸಿದ್ದೆ. ನೀವು ಎಣಿಸೋದೇ ಇಲ್ವಾ?)

ಅಜ್ಜಂಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು ಮೂವರು: ನಾನು, ಗಿರಿಜಾ, ನಾಗರತ್ನ. ನಾನೀಗ ಕಡೂರಿನವಳು. ನಾಗು ಅಜ್ಜಂಪುರ ಬಿಟ್ಟು ಕದಲಲೇ ಇಲ್ಲ, ಅಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಗಿರಿಜಾಗೆ ತರೀಕೆರೆಯಲ್ಲಿ ಟೈಲರಿಂಗ್ ಅಂಗಡಿ. ಅವಳ ಹತ್ತಿರ ಒಮ್ಮೆ ಬ್ಲೌಸ್ ಹೊಲಿಸಿದವರು ಇನ್ನೊಬ್ಬರ ಹತ್ತಿರ ಹೋಗುವುದಿಲ್ಲ.

ಆ ಗಿರಿಜಾ ಒಂದು ಬುಧವಾರ ಹೀಗೊಂದು ಪೋಸ್ಟ್ ಹಾಕಿದಳು: 'ನನಗೆ ಸ್ತನದ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಸೋಮವಾರದಿಂದ ಶಿವಮೊಗ್ಗದಲ್ಲಿ ಕೀಮೋ. ಸ್ವಲ್ಪ ದಿನ ಅಂಗಡಿ ಇರಲ್ಲ, ಬಟ್ಟೆ ಕೊಟ್ಟವರು ಬಂದು ತಗೊಂಡು ಹೋಗಿ. ಫೋನ್ ಎತ್ತೋಕಾಗ್ತಿಲ್ಲ, ಬೇಜಾರು ಮಾಡ್ಕೋಬೇಡಿ. ನನಗೆ ತುಂಬಾ ಭಯ ಆಗ್ತಿದೆ.'

ಎದೆ ಧಸಕ್ಕೆಂದಿತು. ಆಗ ನಾನು ಮಾಡಿದ್ದೇನು ಗೊತ್ತೇ? ಕಮೆಂಟ್ ಬರೆದೆ. ವಾರವಾರ ಅಂಕಣ ಬರೆಯುವವಳು, ಸುಮ್ಮನೆ ಬರೆದರಾಗುತ್ತದೆಯೇ? 'ಗಿರಿ, ನೀನು ಹುಟ್ಟು ಹೋರಾಟಗಾರ್ತಿ. ಭಯ ಎಂದರೇನೆಂದೇ ಗೊತ್ತಿಲ್ಲದವಳು. ಕ್ಯಾನ್ಸರೇ ನಿನ್ನನ್ನು ಕಂಡು ಹೆದರಬೇಕು. ಗೆದ್ದು ಬಾ!'

ಲೈಕುಗಳು ಬಿದ್ದವೋ ಬಿದ್ದವು. 'ಸೂಪರ್ ಮೇಡಂ', 'ನಿಮ್ಮಂಥ ಫ್ರೆಂಡ್ ಇರಬೇಕು' ಎಂದೆಲ್ಲ ನನಗೇ ಶಭಾಷ್‌ಗಿರಿ. ಕಾಯಿಲೆ ಅವಳದು, ಹಾರ ನನಗೆ!

ಶನಿವಾರದವರೆಗೆ ಗಿರಿಜಾಳಿಂದ ಒಂದು ಮಾತಿಲ್ಲ. ಮೊದಲ ದಿನ ಇರಲಿ ಅಂದುಕೊಂಡೆ. ಎರಡನೇ ದಿನ ಅರ್ಧ ಗಂಟೆಗೊಮ್ಮೆ ಫೋನ್ ನೋಡಿದೆ. ಮೂರನೇ ದಿನ ತಡೆಯಲಾಗದೆ ಬೀರೂರಿನ ಮೇಲೆ ಹೋಗುವ ಬಸ್ ಹತ್ತಿ ತರೀಕೆರೆಯಲ್ಲಿ ಇಳಿದೆ.

ಅಂಗಡಿಯ ಷಟರ್ ಅರ್ಧ ಎಳೆದಿತ್ತು. ಗಿರಿಜಾ ಮಷೀನಿನ ಮುಂದೆ ಕೈಕಟ್ಟಿ ಕೂತಿದ್ದಳು. ಅವಳ ಗಂಡ ಬಾಗಿಲಲ್ಲೇ ನನ್ನನ್ನು ತಡೆದು, ''ಸೋಮವಾರ ಬರಲ್ಲ ಅಂತ ಆಸ್ಪತ್ರೆಗೆ ಫೋನ್ ಮಾಡಿ ಹೇಳ್ಬಿಡಿ ಅಂತಾಳೆ. ನೀವಾದ್ರೂ ಬುದ್ಧಿ ಹೇಳಿ ಕಣ್ರೀ'' ಎಂದರು. ಅವರ ಕಣ್ಣು ಕೆಂಪಾಗಿತ್ತು.

ಬುದ್ಧಿ ಹೇಳುವುದರಲ್ಲಿ ನಾನು ಹಿಂದೆ ಬೀಳುತ್ತೇನೆಯೇ? ಬಾಯಿ ತೆರೆದೆ. ಗಿರಿಜಾ ಫೋನ್ ನನ್ನ ಕೈಗಿಟ್ಟಳು.

''ಮೊದ್ಲು ಇದನ್ನ ಓದು. ಆಮೇಲೆ ಮಾತಾಡು.''

ಓದಿದೆ. 'ಗೆಟ್ ವೆಲ್ ಸೂನ್.' 'ಧೈರ್ಯವಾಗಿರಿ.' 'ಧೈರ್ಯವಾಗಿರಿ ಅಕ್ಕ.' 'ಯಾವ ಸ್ಟೇಜು?' (ನೂರಾರು ಜನರ ಎದುರು ಕೇಳುವ ಪ್ರಶ್ನೆಯೇ ಇದು?) 'ಪಂಚನಹಳ್ಳಿ ಕಡೆ ಒಬ್ಬರು ಬೇರಿನ ಔಷಧಿ ಕೊಡ್ತಾರೆ, ಕೀಮೋ ಮಾತ್ರ ಬೇಡ.' 'ನಮ್ಮ ಚಿಕ್ಕಮ್ಮಂಗೂ ಇದೇ ಆಗಿತ್ತು, ಮೂರನೇ ಕೀಮೋಗೇ ಹೋಗ್ಬಿಟ್ರು. ನೀವು ಪಾಸಿಟಿವ್ ಆಗಿರಿ.' 'ಎಲ್ಲಾ ಒಳ್ಳೇದಕ್ಕೇ.' 'ಬೇಗ ಗುಣ ಆಗಿ ಅಕ್ಕ. ನನ್ನ ಹಸಿರು ಬ್ಲೌಸ್ ಗುರುವಾರ ಸಿಗುತ್ತಾ?'

ನಗು ಬಂತು. ಗಿರಿಜಾಗೆ ಬರಲಿಲ್ಲ.

''ಆ ಚಿಕ್ಕಮ್ಮನ ಕತೆ ಓದಿದ್ಮೇಲೆ ನಿದ್ದೆ ಇಲ್ಲ ಕಣೇ. ಅದಾದ್ರೂ ಹಾಳಾಗೋಗ್ಲಿ, ಯಾರೋ ಗೊತ್ತಿಲ್ದೋರು ಬರ್ದಿದ್ದು. ನೀನು?''

''ನಾನೇನ್ ಮಾಡ್ದೆ?''

''ಭಯ ಆಗ್ತಿದೆ ಅಂತ ನಾನು ಬರ್ದಿದ್ದೀನಿ. ನಂಗೆ ಭಯಾನೇ ಗೊತ್ತಿಲ್ಲ ಅಂತ ನೀನು ಬರ್ದಿದ್ದೀಯ. ಇನ್ನೂರು ಜನ ಹೌದು ಅಂದ್ರು. ಈಗ ಅಲ್ಲಿ ಹೋಗಿ ಸೂಜಿ ನೋಡಿ ಅತ್ರೆ ನನ್ನ ಏನಂತಾರೆ? ಇಷ್ಟು ಜನದಾಗೆ ಒಬ್ರಾದ್ರೂ 'ಭಯ ಆಗೋದೇ ಕಣೇ' ಅಂದ್ರಾ?''

ಅವಳ ಪೋಸ್ಟಿನಲ್ಲಿ ಉಳಿದದ್ದೆಲ್ಲ ಮಾಹಿತಿ. ಮಾತು ಇದ್ದದ್ದು ಆ ಕೊನೆಯ ಸಾಲೊಂದೇ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನಂತೂ ಅದನ್ನು ಸುಳ್ಳು ಎಂದೇ ಹೇಳಿದ್ದೆ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಇವಳು ನಿಜಕ್ಕೂ ಹೋಗದಿದ್ದರೆ?

''ಇರು, ಯಾರಾದ್ರೂ ಬರ್ದೇ ಇರ್ತಾರೆ'' ಎಂದು ಸುಮ್ಮನೆ ಕೆಳಕ್ಕೆ ಸರಿಸುತ್ತ ಹೋದೆ. ಹದಿನೈದಿಪ್ಪತ್ತಕ್ಕೆ ಪಟ್ಟಿ ಮುಗಿಯಿತು. ಆದರೆ ನೂರಕ್ಕೂ ಮೇಲೆ ಕಮೆಂಟ್ ಇದೆ ಎಂದು ತೋರಿಸುತ್ತಿತ್ತಲ್ಲ? ಆಗ ಹೊಳೆಯಿತು. ಹೆಚ್ಚು ಲೈಕ್ ಬಿದ್ದವನ್ನು ಮೇಲಿಟ್ಟು, ಮಿಕ್ಕವನ್ನು ಒಳಗೆ ತಳ್ಳಿಬಿಡುತ್ತದೆ ಈ ಆಪ್. ಮೇಲಿದ್ದ ಸೆಟ್ಟಿಂಗ್ ಬದಲಿಸಿ 'ಎಲ್ಲಾ ಕಮೆಂಟ್‌ಗಳು' ಒತ್ತಿದೆ.

ಎಲ್ಲಕ್ಕಿಂತ ಅಡಿಯಲ್ಲಿ, ಒಂದೂ ಲೈಕ್ ಇಲ್ಲದೆ ಬಿದ್ದಿತ್ತು ನಾಗುವಿನದು. ಬುಧವಾರವೇ ಬರೆದಿದ್ದಳು.

'ಗಿರಿ, ಓದಿದೆ. ಭಯ ಆಗೋದೇ ಕಣೇ, ನಂಗೇ ಆಗ್ತಿದೆ. ಸೋಮವಾರ ಬೆಳಗ್ಗೆ ಏಳಕ್ಕೆ ನಿಮ್ಮನೆ ಬಾಗ್ಲಲ್ಲಿರ್ತೀನಿ, ಆಸ್ಪತ್ರೆಗೆ ಜೊತೇಲಿ ಬತ್ತೀನಿ. ಮಾತು ಬೇಕಂದ್ರೆ ಮಾತಾಡ್ತೀನಿ, ಬೇಡ ಅಂದ್ರೆ ಸುಮ್ನೆ ಕೂತಿರ್ತೀನಿ. ನಾನು ಬರೋದೇ ಬೇಡ ಅನ್ಸಿದ್ರೂ ಹೇಳು, ಬೇಜಾರಿಲ್ಲ. ಇದಕ್ಕೆ ಉತ್ತರ ಬರೀಬೇಡ.'

ಗಿರಿಜಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಮಷೀನಿನ ಮೇಲೆ ತಲೆಯಿಟ್ಟು ಗಳಗಳ ಅತ್ತಳು. ನಾನೂ ಅತ್ತೆ. ಅವಳ ಗಂಡ ಕಾಫಿ ತರುತ್ತೇನೆಂದು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಗಿರಿಜಾ ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು: ''ಏಳಕ್ಕೆ ಇಲ್ಲಿರಬೇಕು ಅಂದ್ರೆ ಅವ್ಳು ಅಜ್ಜಂಪುರದಿಂದ ಎಷ್ಟೊತ್ತಿಗೆ ಹೊರಡ್ಬೇಕೇ?''

ಹಾಗಾದರೆ ಗಿರಿಜಾ ಆಸ್ಪತ್ರೆಗೆ ಹೋಗುತ್ತಾಳೆ!

ನಾಗು ಬರೆದದ್ದರಲ್ಲಿ ಒಂದು ಅಲಂಕಾರದ ಮಾತಿಲ್ಲ ನೋಡಿ. ಅವಳು ಗಿರಿಜಾ ಹೇಳಿದ್ದನ್ನು ನಂಬಿದಳು. ನಾವೆಲ್ಲ 'ಏನಾದ್ರೂ ಬೇಕಿದ್ರೆ ಹೇಳು' ಎಂದು ಬರೆದು ಜವಾಬ್ದಾರಿಯನ್ನು ಕಾಯಿಲೆಯವರ ತಲೆಗೇ ಕಟ್ಟುತ್ತೇವೆ. ಅವರು ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು ಕೇಳಬೇಕು. ನಾಗು ದಿನ, ಗಂಟೆ, ಜಾಗ ಹೇಳಿದಳು. ಬೇಡ ಅನ್ನುವ ದಾರಿಯನ್ನೂ ತೆರೆದಿಟ್ಟಳು. 'ಥ್ಯಾಂಕ್ಸ್' ಬರೆಯುವ ಕೆಲಸವನ್ನೂ ತಪ್ಪಿಸಿದಳು. ಚಿಕ್ಕಮ್ಮನ ಕತೆ ಹೇಳಲಿಲ್ಲ, ಸ್ಟೇಜ್ ಕೇಳಲಿಲ್ಲ. ಇಷ್ಟು ನನಗೆ ಯಾಕೆ ತೋಚಲಿಲ್ಲ? ನಾನು ಬರೆಯುವಾಗ ಗಿರಿಜಾಳನ್ನು ನೆನೆಯುತ್ತಿರಲಿಲ್ಲ, ಓದುವವರನ್ನು ನೆನೆಯುತ್ತಿದ್ದೆ.

ಅಲ್ಲೇ ನನ್ನ ಕಮೆಂಟ್ ಅಳಿಸಿದೆ. (ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ.) ಅದರ ಅಡಿಯಲ್ಲಿದ್ದ ಶಭಾಷ್‌ಗಿರಿಗಳೂ ಜೊತೆಗೇ ಹೋದವು. ಹೊಸದು ಬರೆಯಲು ಕೂತರೆ 'ಹೋರಾಟ' ಮತ್ತೆ ಬಂತು, ತೆಗೆದೆ. 'ಧೈರ್ಯ' ಬಂತು, ತೆಗೆದೆ. ಉಳಿದದ್ದು ಇಷ್ಟು: 'ಗಿರಿ, ತಪ್ಪು ಬರೆದಿದ್ದೆ. ಭಯ ಆಗಲಿ ಬಿಡು. ಸೋಮವಾರ ಇಡೀ ದಿನ ನಿನ್ನ ಅಂಗಡಿಯಲ್ಲಿ ಕೂತು ಬಟ್ಟೆ ಕೊಡೋ ಕೆಲಸ ನಂದು.'

ಅದಕ್ಕೆ ಮೂರು ಲೈಕ್ ಬಂದವು. ಒಂದು ಗಿರಿಜಾಳದು.

ಸೋಮವಾರ ಅಂಗಡಿಯಲ್ಲಿ ಕೂತೆ. ಜೀವವೆಲ್ಲ ಶಿವಮೊಗ್ಗದಲ್ಲಿತ್ತು. ಹನ್ನೊಂದರ ಹೊತ್ತಿಗೆ ನಾಗುವಿನ ಮೆಸೇಜ್ ಬಂತು: 'ಒಳಗೆ ಹೋದ್ಲು. ಅತ್ತುಕೊಂಡೇ ಹೋದ್ಲು. ನಾನು ಹೊರಗೆ ಕೂತಿದ್ದೀನಿ.' ಅದನ್ನು ಓದುತ್ತಿರುವಾಗಲೇ ಹಸಿರು ಬ್ಲೌಸಿನ ಹೆಂಗಸು ಬಂದರು. ಕವರ್ ತಗೊಂಡು ಅತ್ತಿತ್ತ ನೋಡಿ, ''ಯಾಕ್ರೀ, ಗಿರಿಜಕ್ಕ ಊರಲ್ಲಿಲ್ವಾ?'' ಎಂದರು.

''ಪೋಸ್ಟಿಗೆ ನೀವು ಕಮೆಂಟ್ ಹಾಕಿದ್ರಲ್ಲಾ, ಬೇಗ ಗುಣ ಆಗಿ ಅಂತ?''

''ಹೌದಾ? ಎಲ್ರೂ ಹಾಕಿದ್ರು, ನಾನೂ ಹಾಕ್ಬಿಟ್ಟಿರ್ತೀನಿ. ಏನಾಗಿದೆ ಅವ್ರಿಗೆ?''

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿಮ್ಮನ್ನೂ ಬೈಯುವುದಿಲ್ಲ, ಆದರೆ ಹೇಳಿ ನೋಡೋಣ: ನೀವು ಕೊನೆಯ ಸಲ 'ಧೈರ್ಯವಾಗಿರಿ' ಎಂದು ಬರೆದದ್ದು ಯಾರಿಗೆ?