ಒದ್ದ ದೀಪಗಳಿಗೊಂದು ಅಡಿಬರಹ

ನಮ್ಮ ಹೊಸ್ತಿಲ ಕಾರ್ತಿಕ ದೀಪಗಳ ಫೋಟೋಗೆ ‘ಬೆಳಕಿನ ಹಬ್ಬ’ ಎಂದು ಬರೆದು ಅಳಿಸಿದೆ. ಬೆಳಕು ಫೋಟೋದಲ್ಲೇ ಇದೆ. ಬತ್ತಿಯ ನೂಲು ಸುಟ್ಟ ವಾಸನೆ ಇಲ್ಲ.

ತಾನು ಕೂಲಿಗೆ ನೇಯುತ್ತಿದ್ದ ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನು ಹೊಸೆದು ಅಮ್ಮ ಬತ್ತಿ ಮಾಡುತ್ತಿದ್ದಳು. ಒಂದು ಕಾರ್ತಿಕ ಹಬ್ಬದಂದು ಮಗ್ಗದ ಒಡೆಯ, ಮೊದಲಾಳಿ, ಆಳುಗಳೊಂದಿಗೆ ಬಾಗಿಲಿಗೇ ಬಂದ.

“ಏನೇ, ನನ್ನ ನೂಲು ಕದ್ದು ದೀಪ ಹಚ್ತೀಯಾ?” ಎಂದು ದೀಪಗಳ ಇಡೀ ಸಾಲನ್ನು ಚಪ್ಪಲಿಗಾಲಲ್ಲಿ ಒದ್ದ. ಉರಿಯುವ ಎಣ್ಣೆ ಅಮ್ಮನ ಪಾದ ಸುಟ್ಟಿತು. ಅಪ್ಪ ಅವನ ಕೊರಳಪಟ್ಟಿ ಹಿಡಿದ. ಅವನ ಆಳುಗಳು ಅಪ್ಪನ ಹಲ್ಲು ಉದುರಿಸಿದರು.

ಅಮ್ಮ ಒಡೆಯದ ಹಣತೆಗಳನ್ನು ಹೆಕ್ಕಿ, ಅವೇ ಬತ್ತಿಗಳನ್ನು ಮತ್ತೆ ಹಚ್ಚಿದಳು.

“ಈ ತುಂಡು ನೂಲು ಗುಡಿಸಿ ಎಸಿ ಅಂದೋನು ನೀನೇ ಅಲ್ವಾ, ಮೊದಲಾಳೀ? ಈಗ ಒದಿ, ನೋಡ್ತೀನಿ.”

ಅವನು ಒದೆಯಲಿಲ್ಲ.

ಈಗ ಬರೆದಿರುವ ಅಡಿಬರಹ: ‘ಇದೇ ಹೊಸ್ತಿಲು. ಇವತ್ತೂ ಮಗ್ಗದ ನೂಲೇ. ಹಚ್ಚಿದವಳು ಅಮ್ಮ, ಸುಟ್ಟ ಪಾದದವಳು.’