ಬೇಸಿಗೆಯ ಮಂಜು

ಹನುಮಣ್ಣನಿಗೆ ಕಣ್ಣಿಲ್ಲ ಎಂದರೆ ಜನ ಕತ್ತಲೆ ಎಂದುಕೊಳ್ಳುತ್ತಾರೆ. ಹಾಗೆಂದವರನ್ನು ಅವನು ಬೈಯದೆ ಬಿಡುವುದಿಲ್ಲ. “ಕತ್ತಲಿ ಎಲ್ಲೈತಿ ಲೇ? ಮಜ್ಜಿಗಿ ಗಡಿಗ್ಯಾಗ ಮುಖ ಅದ್ದಿ ಕಣ್ಣು ಬಿಟ್ಟಂಗ ಐತಿ ನನಗ. ಬರೇ ಬಿಳುಪು. ಕತ್ತಲಿ ಆಗಿದ್ರ ನಿದ್ದಿನಾರ ಬರ್ತಿತ್ತು.”

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಹೊರಳಿದರೆ ನಮ್ಮೂರು. ಓಣಿಯ ಕೊನೆಗೆ ನನ್ನ ಹಿಟ್ಟಿನ ಗಿರಣಿ, ಅದಕ್ಕೆ ಅಂಟಿಕೊಂಡು ಹನುಮಣ್ಣನ ಒಂಟಿ ಮನೆ, ಎದುರಿಗೆ ದ್ಯಾಮಕ್ಕನ ಮನೆ. ಹನುಮಣ್ಣ ಹಗಲೆಲ್ಲ ಕಟ್ಟೆಯ ಮೇಲೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಾನೆ. ಮೊದಲು ಕುರಿ ಕಾಯುತ್ತಿದ್ದವನು. ಈಗ ಕುರಿಯ ಮೈಮೇಲಿನದಷ್ಟೇ ಅವನ ಕೈಗೆ ಬರುತ್ತದೆ. ನನ್ನ ಗಿರಣಿ ಶುರುವಾದರೆ ಅವನಿಗೆ ಏನೂ ಕೇಳಿಸುವುದಿಲ್ಲ. ಕಣ್ಣಿಲ್ಲದವನ ಕಿವಿಯನ್ನೂ ಕಿತ್ತುಕೊಂಡೆ ಎಂದು ನನ್ನನ್ನು ದಿನಾ ಶಪಿಸುತ್ತಾನೆ. ನಾನೂ ಬಿಡುವುದಿಲ್ಲ, ಹಿಟ್ಟು ನಿನಗೆ ಮುಗಿಲಿನಿಂದ ಉದುರುತ್ತದೇನು ಎನ್ನುತ್ತೇನೆ. ಇಡೀ ದಿನದಲ್ಲಿ ಅವನ ಜೊತೆ ಯಾರಾದರೂ ಆಡುವ ಮಾತು ಹೆಚ್ಚೆಂದರೆ ಇಷ್ಟು.

ಇದಕ್ಕೆ ಕಾರಣ ಹನ್ನೆರಡು ವರ್ಷ ಹಿಂದಿನ ಒಂದು ಸಂಜೆ. ಹನುಮಣ್ಣ, ದ್ಯಾಮಕ್ಕನ ಗಂಡ ಪಾಲಾಕ್ಷಪ್ಪ ಮತ್ತು ಇನ್ನಿಬ್ಬರು ಹಳ್ಳದ ದಂಡೆಯಲ್ಲಿ ಕೂತು ಕಳ್ಳಭಟ್ಟಿ ಸಾರಾಯಿ ಕುಡಿದರು. ಹನುಮಣ್ಣನಿಗೆ ಕುರಿಹಟ್ಟಿಗೆ ಕಾವಲು ಹೋಗುವುದಿತ್ತು. ಸ್ವಲ್ಪವೇ ಕುಡಿದು, ಉಳಿದ ತನ್ನ ಪಾಲನ್ನು ಗೆಳೆಯನ ಲೋಟಕ್ಕೆ ಸುರಿದು ಎದ್ದುಹೋದ. ಪಾಲಾಕ್ಷಪ್ಪನೂ ಆ ಇಬ್ಬರೂ ಸತ್ತರು. ಹನುಮಣ್ಣನ ಕಣ್ಣು ಹೋಯಿತು, ಜೀವ ಉಳಿಯಿತು. ಉಳಿದದ್ದನ್ನು ದ್ಯಾಮಕ್ಕ ಕ್ಷಮಿಸಲಿಲ್ಲ, ಓಣಿಯವರೂ ಅವನಿಂದ ದೂರವಾದರು. ಎದುರುಮನೆಯಲ್ಲೇ ಇದ್ದರೂ ಅಂದಿನಿಂದ ಅವಳು ಅವನ ಕಟ್ಟೆಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಾಳೆ. ಕಾಣದವನ ಮುಂದೆ ಮುಖ ತಿರುಗಿಸಿ ಏನು ಬಂತು ಎಂದು ನಾನು ನಗುತ್ತಿದ್ದೆ. ಆದರೆ ಹನುಮಣ್ಣನಿಗೆ ಗೊತ್ತಾಗುತ್ತಿತ್ತು. “ಈಗ ಹೋದಳೇನು?” ಎಂದು ಕೇಳುತ್ತಿದ್ದ, ಅಷ್ಟೇ.

ಈ ಸಲ ಯುಗಾದಿ ಇನ್ನೂ ಮುಂದಿತ್ತು, ಬಿಸಿಲಾಗಲೇ ನೆತ್ತಿ ಸುಡುತ್ತಿತ್ತು. ಒಂದು ಬೆಳಿಗ್ಗೆ ಕರೆಂಟ್ ಹೋಗಿ ಗಿರಣಿ ನಿಂತಿತು. ನಾನು ಹನುಮಣ್ಣನ ಕಟ್ಟೆಯ ಮೇಲೆ ಬಂದು ಕೂತೆ. ದ್ಯಾಮಕ್ಕನ ಮಗ ದುರುಗೇಶ ತನ್ನ ಮನೆಯಿಂದ ಹೊರಬಿದ್ದು, ಹೊಟ್ಟೆ ಹಿಡಿದುಕೊಂಡು ನಮ್ಮ ಕಡೆ ಬಂದ. ಗಾರೆ ಕೆಲಸಕ್ಕೆ ಹೋಗುವ ಹುಡುಗ, ಗಟ್ಟಿಮುಟ್ಟಾಗಿದ್ದಾನೆ. ಬಂದವನು ಕಟ್ಟೆ ಎಲ್ಲಿದೆ ಎಂದು ಕೈಯಿಂದ ತಡವಿ ಕೂತ.

“ಇದೇನು ಕಾಕಾ, ಇವತ್ತ ಇಷ್ಟು ಮಂಜು ಬಿದ್ದೈತಿ?”

ರಾತ್ರಿ ಏರಿಸಿದ್ದು ಇನ್ನೂ ಇಳಿದಿಲ್ಲ ಎಂದುಕೊಂಡು ನಾನು ನಕ್ಕೆ. ಹನುಮಣ್ಣ ನಗಲಿಲ್ಲ. ಅವನ ಕೈಯಲ್ಲಿದ್ದ ನೂಲುವ ಕದಿರು ನಿಂತಿತು. ಉಣ್ಣೆಯನ್ನು ಬೆರಳಲ್ಲಿ ಹೊಸೆದು ನೋಡಿದ.

“ಕೊಟ್ರೇಶಿ, ಬಿಸಿಲು ಐತೇನು?”

“ಸುಡ್ತೈತಿ. ಯಾಕ?”

“ಮಂಜು ಬಿದ್ದ ದಿನ ಉಣ್ಣಿ ಬೆರಳಿಗೆ ತಂಪು ಹತ್ತತೈತಿ, ನೂಲಾಕ ಬರಂಗಿಲ್ಲ. ಇದು ಚರಚರ ಒಣಗೈತಿ. ಮಂಜು ಹೊರಗಿಲ್ಲ ಲೇ, ಈ ಹುಡುಗನ ಕಣ್ಣಾಗ ಐತಿ!”

ಅಷ್ಟರಲ್ಲಿ ದುರುಗೇಶ ಚರಂಡಿಗೆ ಬಗ್ಗಿ ವಾಂತಿ ಮಾಡಿಕೊಂಡ. ದ್ಯಾಮಕ್ಕ ಓಡಿಬಂದಳು. ನಮ್ಮತ್ತ ನೋಡಲಿಲ್ಲ. “ನಿನ್ನಿ ಸಂಜಿಗೆ ಕುಡದು ಬಂದಾನ, ಹಾಳಾದವನು. ನಡಿ, ಮಜ್ಜಿಗಿ ಕುಡದು ಮಲಕ್ಕ, ಸರಿ ಹೋಗತೈತಿ” ಎಂದು ಮಗನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ಹನುಮಣ್ಣ ಎದ್ದು ನಿಂತ. ಕೋಲು ಸಿಗಲಿಲ್ಲ, ನನ್ನನ್ನೂ ಕರೆಯಲಿಲ್ಲ. ಓಣಿ ದಾಟುವಾಗ ಒಂದು ಕಾಲು ಚರಂಡಿಗೆ ಇಳಿಯಿತು. ಹಾಗೇ ಹೋಗಿ ಆ ಬಾಗಿಲನ್ನು ಎರಡೂ ಕೈಯಿಂದ ಬಡಿದ. ನಾನು ಹಿಂದೆ ಓಡಿದೆ.

ಬಾಗಿಲು ತೆರೆದ ದ್ಯಾಮಕ್ಕ ಹನ್ನೆರಡು ವರ್ಷದ ಸಿಟ್ಟನ್ನು ಒಂದೇ ಉಸಿರಿಗೆ ಹೊರಗೆ ಹಾಕಿದಳು. “ನನ್ನ ಬಾಗ್ಲಿಗೆ ಬರಬ್ಯಾಡ! ನಿನ್ನ ಪಾಲಿಂದೂ ನನ್ನ ಗಂಡಗ ಕುಡಿಸಿ ನೀ ಉಳಕಂಡಿ. ಈಗ ಮಗನ ಹತ್ರ ಬಂದಿಯೇನು?”

“ಕುಡಿಸೀನಿ, ಇಲ್ಲನ್ನಂಗಿಲ್ಲ” ಎಂದ ಹನುಮಣ್ಣ. “ನನ್ನ ಬೈ, ಬಡಿ, ಆಮ್ಯಾಲೆ. ಒಂದು ಮಾತು ಹೇಳು. ಅವತ್ತು ಮುಂಜಾನಿ ಎದ್ದಾಗ ಪಾಲಾಕ್ಷಪ್ಪ ನಿನಗ ಏನಂದ?”

ದ್ಯಾಮಕ್ಕ ಒಳಗೆ ತಿರುಗಿ ನೋಡಿದಳು. ಒಳಗೆ ದುರುಗೇಶ ಉಸಿರಾಡುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಮಲಗಿದ್ದಾನೆ, ಆದರೆ ಗುಡ್ಡ ಹತ್ತಿ ಬಂದವನ ಹಾಗೆ ಆಳವಾಗಿ, ಬೇಗ ಬೇಗ ಎಳೆಯುತ್ತಿದ್ದಾನೆ. ಗಿರಣಿ ಓಡುತ್ತಿದ್ದರೆ ಅದು ನಮಗೆ ಕೇಳುತ್ತಿರಲಿಲ್ಲ.

“ಮಂಜು ಬಿದ್ದೈತಿ ಅಂದ” ಎಂದಳು ದ್ಯಾಮಕ್ಕ. “ಮಲಕ್ಕ ಅಂದೆ ನಾನು.” ಆಮೇಲೆ ನನ್ನ ಕಡೆ ತಿರುಗಿ ಕೂಗಿದಳು, “ಕೊಟ್ರೇಶಿ, ಗಾಡಿ ತಗಿಯಪ್ಪಾ!”

ಹಿಟ್ಟಿನ ಚೀಲ ಸಾಗಿಸುವ ನನ್ನ ಗೂಡ್ಸ್ ಆಟೋದಲ್ಲಿ ಹುಡುಗನನ್ನು ಮಲಗಿಸಿದೆವು. ಹನುಮಣ್ಣನೂ ಹತ್ತಿದ. ಜೊತೆಗೆ ಯಾರು ಕುಡಿದರು ಎಂದು ಅವನು ಕೆದಕಿ ಕೆದಕಿ ಕೇಳಿದಾಗ ದುರುಗೇಶ ತನ್ನ ಗೆಳೆಯ ಓಬಳೇಶನ ಹೆಸರು ಹೇಳಿದ. ಓಬಳೇಶ ಬಸ್ ಸ್ಟ್ಯಾಂಡಿನಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

“ನನಗೇನಾಗೈತಿ? ನೋಡ್ರಿ, ಕಲ್ಲಿದ್ದಂಗ ಅದೀನಿ” ಎಂದು ಎದೆ ತಟ್ಟಿಕೊಂಡ. “ಬೆಂಕಿ ಹಚ್ಚಿ ನೋಡೇ ಕುಡದೀವಿ. ಚೊಲೋ ನೀಲಿ ಉರಿ ಬಂತು. ಇವನಿಗೆ ಇನ್ನೊಂದು ಕ್ವಾರ್ಟರ್ ಹಾಕಿದ್ರ ತಾನ ಇಳೀತೈತಿ.”

ಹನುಮಣ್ಣ ಮಾತಿನ ಜಾಡು ಹಿಡಿದು ಕೈಚಾಚಿ ಅವನ ಅಂಗಿ ಹಿಡಿದ. “ಹತ್ತಲೇ ಗಾಡಿ. ಇಲ್ಲಂದ್ರ ನನ್ನಂಗ ಮಜ್ಜಿಗಿ ನೋಡ್ಕೋತ ಕುಂದರ್ತಿ.” ಓಬಳೇಶ ಹತ್ತಿದ.

ಕೂಡ್ಲಿಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಿಯಾ ಎಂಬ ಹೆಣ್ಣುಮಗಳಿದ್ದರು. ಮುಚ್ಚಿಡಬೇಡಿ ಎಂದು ಹನುಮಣ್ಣ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಿಂದ, ಏನು ಕುಡಿದ, ಯಾವಾಗ ಕುಡಿದ ಎಲ್ಲವನ್ನೂ ದ್ಯಾಮಕ್ಕ ನಾಚಿಕೆ ಬಿಟ್ಟು ಹೇಳಿದಳು. ಡಾಕ್ಟರು ಹುಡುಗನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಉಸಿರು ಎಣಿಸಿದರು, ರಕ್ತ ತೆಗೆಸಿದರು. ರಕ್ತವೆಲ್ಲ ಹುಳಿಯಾಗಿದೆ ಎಂದು ಸೋಡಾದ ಡ್ರಿಪ್ ಹಾಕಿಸಿ, ವಿಷ ಮುರಿಯುವ ಔಷಧ ಶುರುಮಾಡಿ, ರಕ್ತ ತೊಳೆಯುವ ಯಂತ್ರ ಬೇಕು ಎಂದು ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ದ್ಯಾಮಕ್ಕ ಮಗನ ಜೊತೆ ಹೋದಳು. ಓಬಳೇಶನನ್ನು ಅಲ್ಲೇ ಮಲಗಿಸಿಕೊಂಡರು. ಅವನು ಆ ಕಳ್ಳಭಟ್ಟಿಯ ಜೊತೆಗೆ ಅಂಗಡಿಯ ಬ್ರಾಂದಿಯನ್ನೂ ಕುಡಿದಿದ್ದನಂತೆ.

“ಇವನು ಬಚಾವಾದ ಅಂತ ತಿಳ್ಕೋಬೇಡಿ” ಎಂದರು ಡಾಕ್ಟರು. “ಬ್ರಾಂದಿ ಇರೋತನಕ ಲಿವರ್ರು ಮೊದಲು ಅದನ್ನೇ ಕರಗಿಸುತ್ತೆ, ವಿಷಕ್ಕೆ ಆಮೇಲೆ ಕೈ ಹಾಕುತ್ತೆ. ತಡವಾಗುತ್ತೆ, ತಪ್ಪೋದಿಲ್ಲ. ಆಸ್ಪತ್ರೇಲಿ ನಾವು ಅಳತೆ ನೋಡಿ ಕೊಡೋ ಔಷಧವೇ ಬೇರೆ, ಮನೇಲಿ ಹೆಂಡ ಸುರಿಯೋದೇ ಬೇರೆ.”

ಹನುಮಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. “ಡಾಕ್ಟರಮ್ಮ, ಅದರಾಗ ಏನಿರತೈತ್ರಿ? ಕುಡಿಯಾಗ ರುಚಿ ಬ್ಯಾರೆ ಇರಲಿಲ್ರಿ.”

ಅವರು ಅವನ ಮುಖ ನೋಡಿದರು. ಅವನ ಕಣ್ಣು ಹೇಗೆ ಹೋಯಿತೆಂದು ಆಗ ಗೊತ್ತಾಗಿರಬೇಕು, ಪಕ್ಕದಲ್ಲೇ ಕೂತರು.

“ರುಚಿ, ವಾಸನೆ ಯಾವುದರಿಂದಲೂ ಗೊತ್ತಾಗಲ್ಲ ಅಜ್ಜ. ಉರಿಯಿಂದಲೂ ಇಲ್ಲ, ಒಳ್ಳೇದು, ವಿಷದ್ದು ಎರಡೂ ನೀಲಿಯಾಗೇ ಉರಿಯುತ್ತವೆ. ಕಿಕ್ಕು ಜಾಸ್ತಿ ಬರಲಿ ಅಂತ ಕಾರ್ಖಾನೆ ಸ್ಪಿರಿಟ್ ಬೆರೆಸ್ತಾರೆ. ಅದರಲ್ಲಿ ಮೆಥನಾಲ್ ಇರುತ್ತೆ. ಹೊಟ್ಟೆಗೆ ಹೋದಾಗ ಬರೀ ಅಮಲು. ಲಿವರ್ರು ಅದನ್ನ ಒಡೆದಮೇಲೆ ಅದು ಆಸಿಡ್ ಆಗುತ್ತೆ, ಇರುವೆ ಕಚ್ಚಿದಾಗ ಉರಿಯುತ್ತಲ್ಲ, ಅದೇ ಆಸಿಡ್ಡು. ಕಣ್ಣಿನ ನರ ಅದನ್ನ ತಡೆಯಲ್ಲ. ಆಮೇಲೆ ರಕ್ತ ಹುಳಿಯಾಗಿ ಉಸಿರು ಏರುತ್ತೆ, ಮಂಪರು ಹತ್ತುತ್ತೆ, ಜೀವ ಹೋಗುತ್ತೆ. ಅರ್ಧ ದಿನ, ಒಂದು ದಿನ ಹಿಡಿಯುತ್ತೆ. ಅಷ್ಟೊತ್ತಿಗೆ ಅಮಲು ಇಳಿದಿರುತ್ತೆ, ತಲೆನೋವು, ಹೊಟ್ಟೆನೋವು, ವಾಂತಿ ಬಂದರೂ ಜನ ರಾತ್ರಿ ಕುಡಿದದ್ದಕ್ಕೇ ಅಂದ್ಕೊಂಡು ಮಲಗಿಸ್ತಾರೆ.”

“ನಾನು ಯಾಕ ಉಳದೆ?”

“ಕಡಿಮೆ ಕುಡಿದಿದ್ರಿ.”

ಹನುಮಣ್ಣ ಖಾಲಿ ಅಂಗೈಯ ಬೆರಳುಗಳನ್ನು ಮಡಚಿ ಹಿಡಿದ. ತಾನು ಸುರಿದು ಕೊಟ್ಟ ಲೋಟ ಅವನ ಕೈಯಲ್ಲೇ ಇದ್ದ ಹಾಗಿತ್ತು. ನಾನು ಚಹಾ ತಂದುಕೊಟ್ಟೆ. ಅದು ಆರಿಹೋಯಿತು.

ಅದೇ ದಿನ ಆಸ್ಪತ್ರೆಯಿಂದ ಸುದ್ದಿ ತಿಳಿದ ಪೊಲೀಸರು ಊರಿಗೆ ಬಂದು, ಸಾರಾಯಿ ಮಾರುತ್ತಿದ್ದ ಗುಡಿಸಲಿನ ಕ್ಯಾನುಗಳನ್ನು ಒಯ್ದರು. ಅಲ್ಲಿ ಕುಡಿದವರು ಆರಾಮಿದ್ದರೂ ಆಸ್ಪತ್ರೆಗೆ ಬರಬೇಕು ಎಂದು ಪಂಚಾಯಿತಿಯವರು ಮೈಕಿನಲ್ಲಿ ಕೂಗಿದರು. ಹೋದವರೆಲ್ಲ ವಾಪಸ್ ಬಂದರು. ಓಬಳೇಶನಿಗೆ ಎರಡನೇ ದಿನ ಕಣ್ಣು ಮಸುಕಾಗತೊಡಗಿತ್ತಂತೆ, ಆಸ್ಪತ್ರೆಯಲ್ಲೇ ಇದ್ದುದಕ್ಕೆ ಹಿಡಿತಕ್ಕೆ ಸಿಕ್ಕಿತು. ಬಳ್ಳಾರಿಯಿಂದ ಮಾತ್ರ ಸುದ್ದಿಯಿಲ್ಲ. ಎದುರುಮನೆಗೆ ಬೀಗ. ಹನುಮಣ್ಣ ನೂಲುವುದನ್ನೇ ಬಿಟ್ಟು, ಬಸ್ಸು ಬಂದ ಸದ್ದಾದರೆ ಕತ್ತು ಎತ್ತುತ್ತಿದ್ದ. ಸುದ್ದಿ ತಿಳಿದುಕೊಂಡು ಅವನಿಗೆ ಹೇಳಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವನು ಬೈಯಲಿ ಎಂದೇ ನಾನು ಗಿರಣಿ ಓಡಿಸುತ್ತಿದ್ದೆ. ಅವನು ಬೈಯಲಿಲ್ಲ.

ಯುಗಾದಿ ಮುಗಿದ ಮೇಲೆ ತಾಯಿ ಮಗ ಬಂದರು. ದುರುಗೇಶ ನೆಟ್ಟಗೆ ನಡೆದು ಬಂದು ಕಟ್ಟೆಯ ಮೇಲೆ ಕೂತ. ಜೀವ ಉಳಿದಿತ್ತು, ಕಣ್ಣೂ ಪೂರ್ತಿ ಹೋಗಿರಲಿಲ್ಲ. ನಟ್ಟನಡುವೆ ಬಿಳಿ ಮಚ್ಚೆ ನಿಂತಿದೆ, ಸುತ್ತ ಅಂಚಿನಲ್ಲಿ ಕಾಣುತ್ತದೆ ಎಂದ.

ದ್ಯಾಮಕ್ಕ ಓಣಿಯಲ್ಲೇ ನಿಂತಿದ್ದಳು. “ಹನುಮಣ್ಣಗ ಕೈ ಮುಗಿಯಲೇ” ಎಂದಳು. ದುರುಗೇಶ ಕೈ ಮುಗಿದ, ಆದರೆ ಮುಖವನ್ನು ನನ್ನ ಗಿರಣಿಯ ಗೋಡೆಯ ಕಡೆ ತಿರುಗಿಸಿಕೊಂಡು. ಅವಳಿಗೆ ರೇಗಿತು.

“ಮುಖ ಯಾಕ ಆ ಕಡಿಗೆ ತಿರುಗಿಸ್ತಿ? ಸೊಕ್ಕೇನು?”

“ಇಲ್ಲವ್ವಾ” ಎಂದ ದುರುಗೇಶ. “ನೆಟ್ಟಗ ನೋಡಿದ್ರ ಕಾಕಾನ ಮುಖ ಕಾಣಂಗಿಲ್ಲ. ಈ ಕಡಿಗೆ ತಿರುಗಿದ್ರನ ಕಾಣತೈತಿ. ನಿಂದೂ ಹಂಗ.”

ದ್ಯಾಮಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಳು. ಹನುಮಣ್ಣ ಕತ್ತು ಎತ್ತಿ ಎಂದಿನಂತೆ ಕೇಳಿದ, “ಹೋದಳೇನು, ಕೊಟ್ರೇಶಿ?”

“ಇಲ್ಲೇ ಅದೀನಿ” ಎಂದಳು ದ್ಯಾಮಕ್ಕ, ಬಂದು ಕಟ್ಟೆಯ ಮೇಲೆ ಕೂತಳು.